ಬಳಿ ಅಳತಿ ಬ್ಯಾರೆ, ಕೈಚೈನಿನ ಅಳತಿ ಬ್ಯಾರೆ

ಮೊನ್ನೆ ಬಾಜೂ ಮನಿ ಕಾಕು ಬಂದು ಕೇಳಿದ್ರು, "ನಮ್ಮ ಮಮ್ಮಗಳಿಗೆ ಒಂದು ಕೈಚೈನು ಮಾಡಸಬೇಕು ಅಂತೀನಿ, ಆಕಿ ಬಳಿ ಒಂದು ತಂದೀನಿ, ಇದರ ಅಳತಿ ಕೊಟ್ರ ನಡೀತದಲ್ಲ?" ಅಂತ. ನನಗ ಎದಿ ಧಸಕ್ ಅಂತು. ಯಾಕಂದ್ರ ಹೋದ ವರ್ಷ ನಾನೂ ಹಿಂಗ ಒಂದು ಬಳಿ ಹಿಡ್ಕೊಂಡು ಪತ್ತಾರ ಅಂಗಡಿಗೆ ಹೋಗಿದ್ದೆ. ಅದರಿಂದ ಏನಾತು ಅಂತ ನಮ್ಮ ಮನಿಯವರಿಗೆಲ್ಲಾ ಗೊತ್ತದ, ಆದ್ರ ಯಾಕ ಹಂಗಾತು ಅನ್ನೋದು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಕಾಕುಗ ಹೇಳಿದ್ದನ್ನ ಇಲ್ಲೆ ಬರದಿಡ್ತೀನಿ, ಕೇಳ್ರೆವಾ.

ನಮ್ಮವ್ವ ಹೋದಮ್ಯಾಲೆ ಆಕಿ ಕೊಳ್ಳಾಗ ಹಾಕ್ಕೋತಿದ್ದ ಒಂದೆಳಿ ಸರ ನನ್ನ ಹಂತ್ಯಾಕ ಬಂತು. ಎರಡು ಕಡೆ ಸವದು ಹರದಿತ್ತು. ಸವದ ಕಡಿ ತಗದು ಉಳಿದಿದ್ದನ್ನ ಅಳದ್ರ, ಎರಡು ಹುಕ್ಕು ಕೂಡಿಸಿ ಒಟ್ಟು 36 ಸೆಂಟಿಮೀಟರ್ ಆಗ್ತದ ಅಂದ್ರು ಪತ್ತಾರ ಮಾಮಾ. ಕರಗಿಸಿ ಹೊಸಾದು ಮಾಡಿಸಲಿಕ್ಕೆ ನನಗ ಮನಸ್ಸಿರಲಿಲ್ಲ. ಅವ್ವನ ಕೊಳ್ಳಾಗ ಆಡಿದ ಕಡಿ ಹಂಗ ಇರಲಿ ಅಂತ. ಅದಕ್ಕ ಎರಡು ಕೈಚೈನು ಮಾಡಸೋದು, ಒಂದು ನನ್ನ ಮಗಳಿಗೆ, ಇನ್ನೊಂದು ಅಣ್ಣನ ಮಗಳಿಗೆ ಅಂತ ನಾನೂ ವೈನಿನೂ ಮಾತಾಡಿಕೊಂಡ್ವಿ. ಇಲ್ಲೆ ನನ್ನ ಮಗಳಿಗೆ ಸಣ್ಣಾಕಿ, ಅಣ್ಣನ ಮಗಳಿಗೆ ದೊಡ್ಡಾಕಿ ಅಂತೀನಿ. ಮನಿಯೊಳಗ ನಾವು ಕರಿಯೋದೂ ಹಂಗ.

ಪತ್ತಾರ ಮಾಮಾ ಮೊದಲ ಹೇಳಿದ್ರು, "ತಂಗಿ, ಹುಡುಗ್ಯಾರನ್ನ ಕರಕೊಂಡ ಬಾ, ಕೈ ಅಳತಿ ತೊಗೋತೀನಿ." ಸಣ್ಣಾಕಿ ಹಾಸ್ಟೆಲ್‌ನಾಗ ಇದ್ಲು, ದೊಡ್ಡಾಕಿ ಬೆಂಗಳೂರಾಗ ಕೆಲಸಕ್ಕ ಇದ್ಲು. ನಾಗರ ಪಂಚಮಿಗೆ ಇಬ್ಬರೂ ಬರೋರು, ಬಂದ ಕೂಡಲೇ ಕೈಗೆ ಹಾಕಬೇಕು ಅಂತ ನನಗ ಅವಸರ. ಸಣ್ಣಾಕಿದು ಒಂದು ಬಳಿ ಮನ್ಯಾಗ ಇತ್ತು, 2-4 ರದ್ದು. "ಇದು ಆಕಿಗೆ ಸರಿ ಕೂಡ್ತದ, ಇದರ ಅಳತಿ ಹಿಡೀರಿ" ಅಂದೆ. ಮಾಮಾ ಬಳಿ ಅಳದು, ಇದರ ಸುತ್ತು 18 ಸೆಂಟಿಮೀಟರ್ ಅಂದ್ರು. ನನಗ ಭಾಳ ಖುಷಿ ಆತು. 36 ಕ್ಕ ಅರ್ಧ ಬರೋಬ್ಬರಿ 18! ಅವ್ವನ ಲೆಕ್ಕ ಅಂದ್ರ ಇದು ಅಂದ್ಕೊಂಡೆ. "ಅರ್ಧ ಅರ್ಧ ಮಾಡಿಬಿಡ್ರಿ ಮಾಮಾ, ನಾಳೆ ಯಾರಿಗೆ ಹೆಚ್ಚು ಯಾರಿಗೆ ಕಡಿಮಿ ಅನ್ನೋ ಮಾತು ಬ್ಯಾಡ" ಅಂದೆ. ಅವರು ಒಂದು ಸಲ ನನ್ನ ಮಾರಿ ನೋಡಿದ್ರು, "ನೀ ಹೇಳಿದಂಗ ಆಗಲಿ" ಅಂದ್ರು.

ಪಂಚಮಿ ಹಿಂದಿನ ದಿನಾ ಇಬ್ಬರೂ ಬಂದ್ರು. ಕೈಗೆ ಹಾಕಿದ್ವಿ. ದೊಡ್ಡಾಕಿಗೆ ಮೈಗೆ ಹತ್ತಿದಂಗ ಕೂತಿತ್ತು, ಛಲೋ ಕಾಣಸ್ತಿತ್ತು. ಸಣ್ಣಾಕಿಗೆ ಸಡಿಲ ಆಗಿ ಅಂಗೈ ಬುಡಕ್ಕ ಬಂದು ಜೋತಾಡ್ತಿತ್ತು. "ಈಗಿನ ಫ್ಯಾಶನ್ನ ಹಂಗ ಅಲ್ಲೇನು?" ಅಂತ ವೈನಿ ಅಂದ್ರು. ನಾನೂ ಹೂಂ ಅಂದೆ.

ಅವತ್ತ ಸಂಜಿಕ ಎಲ್ಲಾರೂ ಶೇಂಗಾ ಉಂಡಿ ಕಟ್ಟಲಿಕ್ಕೆ ಕೂತ್ವಿ. ಬೆಲ್ಲದ ಪಾಕ, ತುಪ್ಪ, ಕೈಯೆಲ್ಲಾ ಜಿಡ್ಡು. ಮುಗಿಸಿ ಹಿತ್ತಲದಾಗ ಮೋರಿ ಹಂತ್ಯಾಕ ಸಬ್ಬು ಹಚ್ಚಿ ಕೈ ತೊಳ್ಕೊಂಡು ಬಂದ್ಲು ಸಣ್ಣಾಕಿ. ಮರುದಿನಾ ಮುಂಜಾನೆ ಜೋಕಾಲಿ ಆಡಲಿಕ್ಕೆ ಹೋಗೋವಾಗ ನೋಡಿದ್ರ ಕೈಯಾಗ ಚೈನ ಇಲ್ಲ. ಹಬ್ಬದ ಮನಿ ಸ್ಮಶಾನದಂಗ ಆತು. ಹಾಸಿಗಿ ಝಾಡಿಸಿದ್ವಿ, ಉಂಡಿ ಡಬ್ಬಿ ಖಾಲಿ ಮಾಡಿದ್ವಿ. ಬಾಯಿಲೆ ಯಾರೂ ಏನೂ ಅನಲಿಲ್ಲ ಖರೇ, ಆದ್ರ ಹಿಂದಿನ ದಿನಾ ಭಾಂಡಿ ತಿಕ್ಕಲಿಕ್ಕೆ ಬಂದಿದ್ದ ಅಕ್ಕನ ಕಡೆ ಎಲ್ಲಾರ ಕಣ್ಣು ಒಂದು ಸಲ ಹೋತು. ಆಕಿಗೂ ಅದು ತಿಳೀತು. ಸುಮ್ನ ಸೀರಿ ಮ್ಯಾಲೆ ಕಟ್ಟಿ, ಮೋರಿ ಕಲ್ಲ ಸರಿಸಿ, ಜಾಳಗಿಯೊಳಗ ಕೈ ಹಾಕಿ, ಕೆಸರಿನಾಗಿಂದ ಚೈನ ಎತ್ತಿ ನನ್ನ ಅಂಗೈಯಾಗ ಇಟ್ಲು. ಹುಕ್ಕು ಹಾಕಿದ್ದು ಹಾಕಿದಂಗ ಇತ್ತು. ತಗದಿರಲಿಲ್ಲ, ಹರದಿರಲಿಲ್ಲ. ಹುಕ್ಕು ಹಾಕಿದ ಚೈನ ಕೈಯಿಂದ ಹಂಗ ಜಾರಿ ಬಿದ್ದಿತ್ತು.

ಆ ಅಕ್ಕನ ಮುಂದ ನಾನು ತಲಿ ಎತ್ತಲಿಕ್ಕೆ ಆಗಲಿಲ್ಲ. ತಪ್ಪು ಯಾರದೂ ಅಲ್ಲ, ನಾ ಕೊಟ್ಟ ಅಳತಿದು.

ಹಬ್ಬ ಮುಗದ ಮರುದಿನಾ ಹುಡುಗ್ಯಾರಿಬ್ಬರನ್ನೂ ಕರಕೊಂಡು ಪತ್ತಾರ ಮಾಮಾನ ಹಂತ್ಯಾಕ ಹೋದೆ. ಅವರು ಬೈಲಿಲ್ಲ. ಬಳಿ ಕೈಯಾಗ ಹಿಡದು ಒಂದ ಮಾತು ಕೇಳಿದ್ರು, "ಇದನ್ನ ಹೆಂಗ ಹಾಕ್ಕೋತಾರ?"

"ಕೈ ಮಡಚಿ, ಗೆಣ್ಣಿನ ಮ್ಯಾಲಿಂದ ಏರಸ್ತಾರ."

"ಅಂದಮ್ಯಾಲೆ ಇದು ಯಾವ ಜಾಗಾದ ಅಳತಿ? ಗೆಣ್ಣಿಂದು. ಮಣಿಕಟ್ಟಿಂದಲ್ಲ. ಕೈ ದಾಟಿ ಒಳಗ ಹೋಗಬೇಕು ಅಂತ ಬಳಿ ಅಷ್ಟು ದೊಡ್ಡದು ಇರ್ತದ. ಒಳಗ ಹೋಗೋ ಅಳತಿ ಅಂದ್ರ ಹೊರಗ ಬರೋ ಅಳತಿನೂ ಅದ. ಕೈಚೈನಿಗೆ ಹುಕ್ಕು ಅದ. ಅದು ಗೆಣ್ಣು ದಾಟೋ ಕೆಲಸಾನ ಇಲ್ಲ."

ಇಷ್ಟು ಸರಳ ಮಾತು ನನ್ನ ತಲಿಗೆ ಹೊಳದಿರಲಿಲ್ಲ ನೋಡ್ರಿ. ಬಳಿ ಗಟ್ಟಿ ಇರ್ತದ, ದುಂಡಗ ಇರ್ತದ. ಕೈಯಿಂದ ಇಳೀಬೇಕಂದ್ರ ನಾವ ಹೆಬ್ಬೆರಳು ಒಳಗ ಮಡಚಿ, ಹಿಚುಕಿ, ಎಳೀಬೇಕು. ಚೈನ ಮೆತ್ತಗ ಇರ್ತದ, ಕೈ ಹೆಂಗ ಅದ ಹಂಗ ಬಾಗ್ತದ. ಸಬ್ಬಿನ ಕೈ ಒಂದಕ್ಕೊಂದು ತಿಕ್ಕೋವಾಗ ಬೆರಳು ತಾವ ಮಡಚ್ತಾವ, ಚೈನ ನಿಧಾನಕ ಸರದು ಹೋಗ್ತದ. ಭಾರ ಕಡಿಮಿ ಇದ್ದಿದ್ದಕ್ಕ ಬಿದ್ದದ್ದೂ ತಿಳಿಯಂಗಿಲ್ಲ.

ಬಳಿ ನಂಬರಿನ ಲೆಕ್ಕ ಭಾಳ ಮಂದಿಗೆ ಗೊತ್ತಿರಂಗಿಲ್ಲ, ಅದನ್ನೂ ಹೇಳಿಬಿಡ್ತೀನಿ. 2-4 ಅಂದ್ರ ಬಳಿ ಒಳಗಿನ ಅಗಲ ಎರಡು ಇಂಚು, ಮತ್ತ ಒಂದು ಇಂಚಿಗೆ 16 ಪಾಲು ಮಾಡಿದ್ರ ಅದರೊಳಗ 4 ಪಾಲು. ಅಂದ್ರ ಸವ್ವಾ ಎರಡು ಇಂಚು, ಸೆಂಟಿಮೀಟರ್‌ನಾಗ 5.7. ಇದು ಅಡ್ಡ ಅಗಲ. ಸುತ್ತು ಬೇಕಂದ್ರ 3.14 ಲೆ ಗುಣಸಬೇಕು, ಸುಮಾರು 18 ಬರ್ತದ. ಸಣ್ಣಾಕಿ ಹೆಬ್ಬೆರಳು ಮಡಚಿಸಿ, ಗೆಣ್ಣಿನ ಹಂತ್ಯಾಕ ಭಾಳ ದಪ್ಪ ಇರೋ ಜಾಗಾದಾಗ ಟೇಪು ಸುತ್ತಿ ಅಳದ್ರು ಮಾಮಾ. 17.6 ಬಂತು. ನಾ ಮಾಡಿಸಿದ ಚೈನ 18. ಅದು ಜಾರೋದ್ರಾಗ ಆಶ್ಚರ್ಯ ಏನದ? ಅಷ್ಟೊತ್ತು ಕೈಯಾಗ ನಿಂತಿದ್ದ ಆಶ್ಚರ್ಯ.

ಆಮ್ಯಾಲೆ ಮಣಿಕಟ್ಟು ಅಳದ್ರು. ಹೆಂಗ ಅಳದ್ರು ಅಂತ ಸರಿಯಾಗಿ ಹೇಳ್ತೀನಿ, ಯಾಕಂದ್ರ ಎಲ್ಲಾ ಇದರ ಮ್ಯಾಲೇ ಅದ. ಮಣಿಕಟ್ಟಿನ ಹೊರಗಿನ ಕಡೆ, ಕಿರುಬೆರಳಿನ ನೇರಕ್ಕ, ಒಂದು ಎಲುಬು ಗುಂಡಗ ಎದ್ದು ಕಾಣಸ್ತದ. ಅದಕ್ಕ ಹತ್ತಿ, ಅಂಗೈ ಕಡೆ ಅಲ್ಲ, ಮೊಳಕೈ ಕಡೆ ಟೇಪು ಸುತ್ತಬೇಕು. ಕೈ ಮೇಜಿನ ಮ್ಯಾಲೆ ಸುಮ್ನ ಇಟ್ಟಿರಬೇಕು, ಮುಷ್ಟಿ ಬಿಗಿಬಾರದು. ಟೇಪು ಚರ್ಮಕ್ಕ ಮುಟ್ಟಬೇಕು, ಒತ್ತಬಾರದು. ಟೇಪು ತಗದಮ್ಯಾಲೆ ಕೈಮ್ಯಾಲೆ ಗೆರಿ ಮೂಡಿತ್ತಂದ್ರ ಬಿಗಿ ಎಳದೀರಿ, ಮತ್ತ ಅಳೀರಿ. ಮನ್ಯಾಗ ಬ್ಲೌಸ್ ಅಳಿಯೋ ಟೇಪು ಇಲ್ಲಂದ್ರ ಅರ್ಧ ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿ ಕತ್ತರಿಸಿ ಸುತ್ತಿ, ಕೂಡೋ ಜಾಗಾದಾಗ ಪೆನ್ನಿನಲೆ ಗುರುತು ಮಾಡಿ, ಸ್ಕೇಲಿನ ಮ್ಯಾಲೆ ಇಟ್ಟು ನೋಡ್ರಿ. ಉಣ್ಣಿ ದಾರ ಬ್ಯಾಡ, ಅದು ಎಳದ್ರ ಹಿಗ್ಗತದ, ಅರ್ಧ ಸೆಂಟಿಮೀಟರ್ ಅಲ್ಲೇ ತಪ್ಪತದ. ಇನ್ನೊಂದು, ಯಾವ ಕೈಗೆ ಹಾಕ್ಕೋತೀರೋ ಆ ಕೈನ ಅಳೀಬೇಕು. ಭಾಳ ಮಂದಿಗೆ ಕೆಲಸದ ಕೈ ಒಂಚೂರು ದಪ್ಪ ಇರ್ತದ. ಮತ್ತ ಮುಂಜಾನೆ ಥಂಡಿಯೊಳಗ ಅಳಿಯೋದಕ್ಕಿಂತ ಸಂಜಿ ಮುಂದ ಅಳಿಯೋದು ಛಲೋ. ದಿನಾ ಎಲ್ಲಾ ಕೆಲಸಾ ಮಾಡಿ, ಸೆಖಿಗೆ, ಕೈ ಒಂದಿಷ್ಟು ಬಾತಿರ್ತದ. ಮುಂಜಾನಿ ಅಳತಿಗೆ ಬಿಗಿಯಾಗಿ ಮಾಡಿಸಿದ ಚೈನ ಸಂಜಿಕ ಒತ್ತತದ.

ಸಣ್ಣಾಕಿ ಮಣಿಕಟ್ಟು 14.5 ಬಂತು. ದೊಡ್ಡಾಕಿದು 17. ಆಕಿ ಕಾಲೇಜಿನಾಗ ವಾಲಿಬಾಲ್ ಆಡಿದಾಕಿ, ಕೈ ಗಟ್ಟಿ. ಮಡಚಿದ ಕೈ ಅಳತಿ ಆಕಿದು 21.

ಅಷ್ಟೊತ್ತಿಗೆ ದೊಡ್ಡಾಕಿ ಸಣ್ಣ ದನಿಲೆ ಹೇಳಿದ್ಲು, "ಅತ್ತ್ಯಾ, ಹೇಳಬಾರದು ಅಂತಿದ್ದೆ. ನನಗ ಸಂಜಿಕ ಒತ್ತತದ, ರಾತ್ರಿ ತಗದಿಟ್ಟು ಮಲ್ಕೋತೀನಿ." ಕೈ ತಿರುಗಿಸಿ ತೋರಿಸಿದ್ಲು. ಚೈನಿನ ಕಡಿ ಕಡಿ ಅಚ್ಚು ಒತ್ತಿದಂಗ ಕೆಂಪಗ ಮೂಡಿತ್ತು. ಒಂದ 18 ಸೆಂಟಿಮೀಟರ್, ಒಬ್ಬಾಕಿಗೆ ಜಾರತದ, ಇನ್ನೊಬ್ಬಾಕಿಗೆ ಒತ್ತತದ.

"ಮಣಿಕಟ್ಟಿನ ಅಳತಿಗೆ ಎಷ್ಟು ಕೂಡಸ್ತೀರಿ ಮಾಮಾ?" ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು. ತೆಳು ಚೈನು, ಅಂದ್ರ ಎರಡು ಮಿಲಿಮೀಟರ್ ಆಸುಪಾಸು ದಪ್ಪ ಇರೋದು, ಕೈಗೆ ಹತ್ತಿ ಕೂಡಬೇಕು ಅಂದ್ರ ಮಣಿಕಟ್ಟಿಗಿಂತ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಹೆಚ್ಚು. ದಿನಾ ಹಾಕ್ಕೊಳ್ಳಲಿಕ್ಕೆ, ಒತ್ತಬಾರದು, ಜೋತಾಡಲೂಬಾರದು ಅಂದ್ರ ಒಂದೂವರಿಯಿಂದ ಎರಡು. ಸಡಿಲ ಇಳಿಬಿದ್ದು ಅಂಗೈ ಬುಡಕ್ಕ ಬರಬೇಕು ಅಂದ್ರ ಎರಡೂವರಿಯಿಂದ ಮೂರು. ಈ ಉದ್ದದಾಗ ಹುಕ್ಕು, ಅದು ಸಿಗಿಸೋ ಕಡಿ, ಎಲ್ಲಾ ಸೇರಬೇಕು. ಚೈನ ಬಿಚ್ಚಿ ಮೇಜಿನ ಮ್ಯಾಲೆ ನೆಟ್ಟಗ ಹಾಸಿ ಈ ತುದಿಯಿಂದ ಆ ತುದಿ ಅಳೀಬೇಕು. ಬರೇ ಚೈನ ಅಳದು ಆಮ್ಯಾಲೆ ಹುಕ್ಕು ಹಾಕಿದ್ರ ಒಂದೂವರಿ ಎರಡು ಸೆಂಟಿಮೀಟರ್ ಹೆಚ್ಚಾಗಿಬಿಡ್ತದ, ಹತ್ತಿ ಕೂಡಬೇಕು ಅಂದದ್ದು ಜೋತಾಡ್ತದ.

"ಮತ್ತ ಇನ್ನೊಂದು ಅಳತಿ ಮರೀಬ್ಯಾಡ" ಅಂದ್ರು. "ಸಡಿಲ ಎಷ್ಟರ ಬೇಕಾಗಲಿ, ಚೈನಿನ ಉದ್ದ ಮಡಚಿದ ಕೈಕಿಂತ ಕಡಿಮಿ ಅಂದ್ರೂ ಒಂದು ಸೆಂಟಿಮೀಟರ್ ಕಡಿಮಿ ಇರಬೇಕು. ಅದನ್ನ ದಾಟಿದ್ರ ಅದು ಕೈಚೈನಲ್ಲ, ಜಾರೋ ಚೈನ."

ಅಂದ್ರ ಎರಡು ಅಳತಿ. ಮಣಿಕಟ್ಟು ಹೇಳ್ತದ ಇದಕ್ಕಿಂತ ಸಣ್ಣದು ಬ್ಯಾಡ ಅಂತ, ಮಡಚಿದ ಕೈ ಹೇಳ್ತದ ಇದಕ್ಕಿಂತ ದೊಡ್ಡದು ಬ್ಯಾಡ ಅಂತ. ನಮಗ ಬೇಕಾದ ಬಿಗಿ, ಸಡಿಲ ಎಲ್ಲಾ ಇವೆರಡರ ನಡುವ ಇರಬೇಕು. ಕೈ ಸಣ್ಣದು, ಬೆರಳು ಮೆತ್ತಗ ಇರೋರಿಗೆ ಈ ನಡುವಿನ ಜಾಗಾ ಭಾಳ ಕಡಿಮಿ ಇರ್ತದ. ಸಣ್ಣಾಕಿಗೆ 14.5 ಕ್ಕೂ 17.6 ಕ್ಕೂ ನಡುವ ಬರೇ ಮೂರು ಸೆಂಟಿಮೀಟರ್. ಅಂಥಾವರು ಜೋತಾಡೋ ಚೈನಿನ ಆಸೆ ಬಿಟ್ಟು ಮಧ್ಯಮ ಮಾಡಿಸಿಕೊಳ್ಳೋದ ಛಲೋ.

ಈಗ ಮಾಡೋದೇನು? ಮಾಮಾ ಒಂದು ಚೀಟಿ ಮ್ಯಾಲೆ ಲೆಕ್ಕ ಹಾಕಿದ್ರು. ಅವ್ವನ ಚೈನಿನ ಒಂದೊಂದು ಕಡಿ ನಾಲ್ಕು ಮಿಲಿಮೀಟರ್ ಉದ್ದ. ಸಣ್ಣಾಕಿ ಚೈನಿನಿಂದ ನಾಲ್ಕು ಕಡಿ ತಗದ್ರ 1.6 ಸೆಂಟಿಮೀಟರ್ ಕಡಿಮಿ ಆಗ್ತದ. ಆಗ ಆಕಿದು 16.4. ಮಣಿಕಟ್ಟಿಗಿಂತ 1.9 ಹೆಚ್ಚು, ಮಡಚಿದ ಕೈಕಿಂತ 1.2 ಕಡಿಮಿ. ಎರಡೂ ಕಡೆ ಸರಿ. ತಗದ ನಾಲ್ಕು ಕಡಿ ದೊಡ್ಡಾಕಿ ಚೈನಿಗೆ ಬೆಸದ್ರ ಆಕಿದು 19.6. ಮಣಿಕಟ್ಟಿಗಿಂತ 2.6 ಹೆಚ್ಚು, ಅಂದ್ರ ಸಡಿಲ ಇಳಿಬೀಳೋದು. ಮಡಚಿದ ಕೈಕಿಂತ 1.4 ಕಡಿಮಿ, ಜಾರಂಗಿಲ್ಲ. ಹೊಸಾ ಬಂಗಾರ ಬ್ಯಾಡ, ಇದ್ದದ್ದು ಉಳಿಯಂಗೂ ಇಲ್ಲ.

ಲೆಕ್ಕ ಕೇಳಿ ನನಗ ಸಮಾಧಾನ ಆತು. ವೈನಿ ಮಾತ್ರ ಸುಮ್ನ ಆದ್ರು. ಮನಿಗೆ ಬಂದಮ್ಯಾಲೆ ಅಡಗಿ ಮನ್ಯಾಗ ಹೇಳಿದ್ರು, "ನೋಡ್ರಿ, ನಾಲ್ಕು ಕಡಿ ಅಂದ್ರ ಅರ್ಧ ಗ್ರಾಂ. ನಿಮ್ಮ ಮಗಳದು ಅರ್ಧ ಗ್ರಾಂ ಕಡಿಮಿ, ನನ್ನ ಮಗಳದು ಅರ್ಧ ಗ್ರಾಂ ಹೆಚ್ಚು. ಕೂಡಿಸಿದ್ರ ಒಂದು ಗ್ರಾಂ ಫರಕು. ಅತ್ತಿಯವರ ಬಂಗಾರ. ನಾಳೆ ಯಾರರೆ ವೈನಿ ಹೆಚ್ಚು ತೊಗೊಂಡ್ಲು ಅಂದ್ರ ನನಗ ಕೇಳಲಿಕ್ಕೆ ಆಗಂಗಿಲ್ಲ."

ಸುಳ್ಳು ಯಾಕ ಹೇಳಲಿ, ಚೀಟಿ ಮ್ಯಾಲಿನ ಲೆಕ್ಕ ನೋಡಿದಾಗ ನನ್ನ ಮನಸ್ಸಿನಾಗೂ ಆ ಒಂದು ಗ್ರಾಂ ಒಂದು ಗಳಿಗಿ ಬಂದು ಹೋಗಿತ್ತು. ಸರಿಸಮ ಪಾಲು ಆಗಲಿ ಅಂತ ಅರ್ಧ ಅರ್ಧ ಮಾಡಿಸಿದಾಕಿ ನಾನ. ಆದ್ರ ಆ ಸಮಪಾಲಿನಿಂದ ಆದದ್ದೇನು? ಒಬ್ಬಾಕಿ ಪಾಲು ಮೋರಿಯಾಗ ಬಿತ್ತು, ಇನ್ನೊಬ್ಬಾಕಿ ಪಾಲು ರಾತ್ರಿ ಡಬ್ಬಿಯಾಗ ಕೂತಿತ್ತು. ಅವ್ವ ಪಂಚಮಿಗೆ ನಮಗ ಬಳಿ ಇಡಿಸೋವಾಗ ಬಳಿಗಾರಗ "ಎಲ್ಲಾರಿಗೂ ಒಂದ ಅಳತಿ ಹಾಕು" ಅಂತ ಯಾವತ್ತೂ ಹೇಳಿದಾಕಿ ಅಲ್ಲ. ಒಬ್ಬೊಬ್ಬರ ಕೈ ಹಿಚುಕಿ ನೋಡಿ ಇಡಸ್ತಿದ್ಲು. ವೈನಿಗೆ ಅದನ್ನ ನೆನಪಿಗೆ ತಂದೆ. "ನಾಲ್ಕು ಕಡಿ ನನ್ನ ಮಗಳಿಗೆ ಬ್ಯಾಡಾಗಿದ್ದು, ನಿನ್ನ ಮಗಳಿಗೆ ಬೇಕಾಗಿದ್ದು. ಇದನ್ನ ನಾವಿಬ್ಬರ ಮಾತಾಡಿ ಮುಗಸೋಣ, ಮೂರನೇದವರ ಲೆಕ್ಕ ಬ್ಯಾಡ" ಅಂದೆ. ವೈನಿ ಕಣ್ಣಾಗ ನೀರ ಬಂತು, ನನಗೂ ಬಂತು. ಚಹಾ ಕುಡದ್ವಿ.

ಆದ್ರೂ ಕಡಿ ಕತ್ತರಿಸೋ ಮುಂದ ಒಂದು ಸಲ ಖಾತ್ರಿ ಮಾಡಿಕೊಳ್ಳೋಣ ಅಂತ ಮಾಮಾ ಹೇಳಿದ ಯುಕ್ತಿ ಮಾಡಿದ್ವಿ. ಇದು ನೀವೂ ಮಾಡಬಹುದು, ಖರ್ಚಿಲ್ಲ. ಮನ್ಯಾಗ ಹಳೆ ಖೋಟಾ ಚೈನ ಇರ್ತದಲ್ಲ, ಹೆಚ್ಚು ಕಡಿಮಿ ಅದ ದಪ್ಪದ್ದು ತೊಗೊಂಡು, ಬೇಕಾದ ಉದ್ದಕ್ಕ ಸುತ್ತಿ ಸಣ್ಣ ಪಿನ್ನಿನಲೆ ಹಾಕಿಕೊಂಡು ಒಂದು ದಿನಾ ಪೂರ್ತಿ ಇಟ್ಟುಕೊಳ್ಳೋದು. ದಾರ ಕಟ್ಟಿಕೊಂಡ್ರ ತಿಳಿಯಂಗಿಲ್ಲ, ದಾರಕ್ಕ ಭಾರ ಇಲ್ಲ, ಅದು ಚೈನಿನಂಗ ಇಳಿಬೀಳಂಗಿಲ್ಲ. ಆ ದಿನಾ ಮೂರು ಸಲ ನೋಡಬೇಕು. ಕೈ ಕೆಳಗ ಬಿಟ್ಟು ನಿಂತಾಗ ಚೈನ ಎಲ್ಲಿ ತನಕಾ ಬರ್ತದ? ಹತ್ತಿ ಕೂಡೋದು ಆ ಎಲುಬಿನ ಹಂತ್ಯಾಕ ನಿಲ್ಲತದ, ಮಧ್ಯಮದ್ದು ಎಲುಬು ದಾಟಿ ಒಂಚೂರು ಕೆಳಗ ಬರ್ತದ, ಸಡಿಲಂದು ಅಂಗೈ ಬುಡಕ್ಕ ಬಂದು ಕೂಡ್ತದ. ಎರಡನೇದು, ಸಂಜಿಕ ಒಂದು ಬೆರಳು ಚೈನಿನ ಕೆಳಗ ಹಾಕಿ ನೋಡ್ರಿ. ಒಂದು ಬೆರಳು ಆರಾಮ ಹೋತಂದ್ರ ಸಾಕು. ಬೆರಳು ತುರುಕಬೇಕಾತಂದ್ರ ಬಿಗಿ. ಮೂರನೇದು, ಸಬ್ಬು ಹಚ್ಚಿ ಕೈ ತೊಳೆಯೋವಾಗ ಹೆಬ್ಬೆರಳಿನ ಬುಡದ ಗಂಟು ದಾಟಿ ಮುಂದ ಬರ್ತದೇನು ನೋಡ್ರಿ. ಅದನ್ನ ದಾಟಿತಂದ್ರ ಒಂದ ದಿನಾ ಬೀಳೋದು ಖರೇ.

ಸಣ್ಣಾಕಿ ಹಂಗ ಒಂದು ದಿನಾ 16.4 ಕ್ಕ ಪಿನ್ನು ಹಾಕಿಕೊಂಡು ತಿರುಗಿದ್ಲು. ಒಂದು ಬೆರಳು ಸರಳ ಹೋತು, ಸಬ್ಬಿಗೂ ಗಂಟು ದಾಟಲಿಲ್ಲ. ದೊಡ್ಡಾಕಿಗೆ 19.6 ಇಷ್ಟ ಆತು, ಆದ್ರ ಒಂದು ಮಾತು ಹೇಳಿದ್ಲು. ಆಫೀಸಿನಾಗ ಕಂಪ್ಯೂಟರ್ ಮುಂದ ಕೂತಾಗ ಚೈನ ಕೈ ಕೆಳಗ ಬಂದು ಮೇಜಿಗೆ ತಿಕ್ಕತದ, ಕರಕರ ಸಪ್ಪಳ ಬರ್ತದ, ಸ್ವೆಟರಿನ ತೋಳಿಗೆ ಸಿಗತದ. ಸಡಿಲ ಚೈನಿನ ತ್ರಾಸ ಇದ ನೋಡ್ರಿ. ನೋಡಲಿಕ್ಕೆ ಛಂದ, ಕೆಲಸದ ಕೈಗೆ ಅಡ್ಡಿ. ಅದಕ್ಕ ಮಾಮಾ ಒಂದು ಉಪಾಯ ಮಾಡಿದ್ರು. ತುದಿಗೆ ಒಂದು ಉಂಗುರ ಕಡಿ ಇರೋದ ಇತ್ತು, ಅದಕ್ಕಿಂತ ಒಂದು ಸೆಂಟಿಮೀಟರ್ ಒಳಗ ಇನ್ನೊಂದು ಸಣ್ಣ ಉಂಗುರ ಬೆಸದು ಕೊಟ್ರು. ಹಬ್ಬಕ್ಕ ಹೊರಗಿನ ಉಂಗುರಕ್ಕ ಹುಕ್ಕು ಹಾಕಿದ್ರ 19.6, ಆಫೀಸಿಗೆ ಒಳಗಿನದಕ್ಕ ಹಾಕಿದ್ರ 18.6. ಮಣಿಕಟ್ಟಿಗಿಂತ 1.6 ಹೆಚ್ಚು, ಮಧ್ಯಮ. ಬೆಳಿಯೋ ಹುಡುಗ್ಯಾರಿಗೆ ಮಾಡಸೋವಾಗನೂ ಹಿಂಗ ಎರಡು ಮೂರು ಉಂಗುರ ಹಾಕಸ್ರಿ. ವರ್ಷಾ ವರ್ಷಾ ಒಂದೊಂದು ಹೊರಗ ಸರಿಸಬಹುದು. ಬೆಳೀತಾಳ ಅಂತ ಮೊದಲ ದೊಡ್ಡದು ಮಾಡಿಸಿಟ್ರ ಬೆಳಿಯೋದರೊಳಗ ಕಳದಿರ್ತದ.

ಬಾಜೂ ಮನಿ ಕಾಕುಗ ಇಷ್ಟೆಲ್ಲಾ ಹೇಳಿದಮ್ಯಾಲೆ ಅವರು ತಮ್ಮ ಕೈ ಮುಂದ ಮಾಡಿದ್ರು. "ಹಂಗಂದ್ರ ನನ್ನ ಈ ಹವಳದ್ದು ಯಾಕ ಒತ್ತತದ? ನನ್ನ ಮಣಿಕಟ್ಟು 16, ಇದು 17.5 ಅಂತ ಬರದಿತ್ತು. ಒಂದೂವರಿ ಹೆಚ್ಚ ಅದಲ್ಲ?" ಅಂದ್ರು. ಎಲಾಸ್ಟಿಕ್ ದಾರಕ್ಕ ಪೋಣಿಸಿದ ದುಂಡು ಮಣಿ, ಒಂದೊಂದು ಎಂಟು ಮಿಲಿಮೀಟರ್. ನೋಡಿದ್ರ ಮಣಿ ಮಣಿ ನಡುವ ಸಂದಿ ಬಿಟ್ಟು ದಾರ ಕಾಣಸ್ತಿತ್ತು. ಅಂದ್ರ ಎಲಾಸ್ಟಿಕ್ ಯಾವಾಗಲೂ ಎಳದ ಇರ್ತದ, ಇವತ್ತಿಲ್ಲ ನಾಳೆ ಹರೀತದ.

ಇದರ ಕಾರಣ ದಪ್ಪ. ಮಣಿ ದಪ್ಪ ಇದ್ದಷ್ಟು ದಾರ ಚರ್ಮದಿಂದ ದೂರ ಇರ್ತದ, ಒಳಗಿನ ಸುತ್ತು ಸಣ್ಣದಾಗ್ತದ. ಎಷ್ಟು ಸಣ್ಣದಾಗ್ತದ ಅಂದ್ರ ದಪ್ಪದ ಮೂರು ಪಟ್ಟಿಗಿಂತ ಒಂಚೂರು ಹೆಚ್ಚು. ಎಂಟು ಮಿಲಿಮೀಟರ್ ಮಣಿ ಅಂದ್ರ ಎರಡೂವರಿ ಸೆಂಟಿಮೀಟರ್ ಅಲ್ಲೇ ಹೋತು. ಕಾಕುನ 17.5 ರೊಳಗ 2.5 ತಗದ್ರ ಉಳಿಯೋದು 15. ಕೈ 16. ಒತ್ತದ ಏನು ಮಾಡೀತು? ಅವರಿಗೆ ಆ ಮಣಿಲೆ 19 ರಿಂದ 19.5 ಬೇಕು, ಅಂದ್ರ ಇನ್ನೂ ಎರಡು ಮೂರು ಮಣಿ ಸೇರಿಸಿ ಹೊಸಾ ದಾರಕ್ಕ ಪೋಣಿಸಬೇಕು. ತೆಳು ಚೈನಿಗೆ ಈ ಲೆಕ್ಕ ಬ್ಯಾರೆ ಹಿಡಿಯೋದು ಬ್ಯಾಡ. ಎರಡು ಮಿಲಿಮೀಟರ್ ಚೈನು ನುಂಗೋದು ಆರು ಮಿಲಿಮೀಟರ್, ಅದು ಮ್ಯಾಲೆ ಹೇಳಿದ ಒಂದೂವರಿ, ಎರಡು ಸೆಂಟಿಮೀಟರಿನೊಳಗ ಬಂದುಬಿಟ್ಟದ. ಆದ್ರ ಮಣಿ, ದಪ್ಪ ಹೆಣಿಗಿ ಚೈನು ಮಾಡಸೋವಾಗ ಮರತ್ರ ಕಾಕುನ ಹಂಗ ಆಗ್ತದ.

ಹೆಸರು ಕೆತ್ತಿಸಿದ ಪಟ್ಟಿ ಇರೋ ಚೈನು, ಇಲ್ಲಾ ಮ್ಯಾಲೆ ಒಂದ ಕಡೆ ಹರಳು ಇರೋದು ಮಾಡಸೋರು ಇದ್ರ, ಅದನ್ನ ಹತ್ತಿ ಕೂಡೋ ಅಳತಿಗೆ ಮಾಡಸ್ರಿ. ಸಡಿಲ ಮಾಡಿಸಿದ್ರ ಭಾರ ಇದ್ದ ಕಡೆ ತಿರುಗಿ ಅದು ಕೆಳಗ ಹೋಗ್ತದ. ದುಡ್ಡು ಕೊಟ್ಟು ಕೆತ್ತಿಸಿದ ಹೆಸರು ಮೇಜು ಓದ್ತದ, ಮಂದಿ ಹುಕ್ಕು ನೋಡ್ತಾರ. ಎಲ್ಲಾ ಕಡೆ ಒಂದ ತರಹ ಇರೋ ಚೈನಿಗೆ ಮಾತ್ರ ಸಡಿಲ ಒಪ್ಪತದ.

ಪತ್ತಾರ ಮಾಮಾ ನಮ್ಮ ಕಣ್ಣ ಮುಂದ ಎರಡೂ ಚೈನ ತೂಗಿ ಬರಕೊಂಡು, ನಾಲ್ಕು ಕಡಿ ತಗದು, ಆ ಕಡೆ ಬೆಸದು, ಮತ್ತ ತೂಗಿ ತೋರಿಸಿದ್ರು. ಬೆಸದ ಜಾಗಾ ಹುಡುಕಿದ್ರೂ ಸಿಗಂಗಿಲ್ಲ. ಸಣ್ಣಾಕಿ ಈಗ ಹಾಸ್ಟೆಲ್‌ನಾಗ ಅರಿವಿ ಒಗಿಯೋವಾಗನೂ ಕೈಯಾಗ ಇಟ್ಟಿರ್ತಾಳ. ಭಾಂಡಿ ತಿಕ್ಕೋ ಅಕ್ಕನ ಹಂತ್ಯಾಕ ನಾ ಹೋಗಿ ಬಾಯಿ ಬಿಟ್ಟು ತಪ್ಪಾತು ಅಂದೆ. "ಹೋಗ್ಲಿ ಬಿಡ್ರಿ ಅಕ್ಕಾರ" ಅಂದ್ಲು, ಆದ್ರ ಆ ದಿನಾ ಆಕಿ ಸೀರಿ ಮ್ಯಾಲೆ ಕಟ್ಟಿ ಮೋರಿ ಕಲ್ಲ ಸರಿಸಿದ್ದು ನನ್ನ ಕಣ್ಣ ಮುಂದಿಂದ ಹೋಗಂಗಿಲ್ಲ.

ಈಗ ನನ್ನ ಬಳಿ ಡಬ್ಬಿಯಾಗ ಒಂದು ಚೀಟಿ ಅದ. ಮನ್ಯಾಗಿನ ಒಬ್ಬೊಬ್ಬರ ಹೆಸರಿನ ಮುಂದ ಎರಡೆರಡು ಅಳತಿ, ಮಣಿಕಟ್ಟು ಒಂದು, ಮಡಚಿದ ಕೈ ಒಂದು. ಬಳಿ ತರಬೇಕಂದ್ರ ಎರಡನೇದು ನೋಡ್ತೀನಿ, ಕೈಚೈನಿಗೆ ಎರಡೂ ನೋಡ್ತೀನಿ. ಕಾಕು ತಮ್ಮ ಮಮ್ಮಗಳ ಬಳಿ ವಾಪಸ್ ಚೀಲದಾಗ ಹಾಕ್ಕೊಂಡು, ಕಾಗದದ ಪಟ್ಟಿ ಎರಡು ಕತ್ತರಿಸಿ ಇಸ್ಕೊಂಡು ಹೋದ್ರು. ಐತವಾರ ಆಕಿ ಬರ್ತಾಳಂತ, ಸಂಜಿ ಮುಂದ ಅಳೀರಿ ಅಂತ ಹೇಳಿ ಕಳಿಸೀನಿ.